ಗ್ರಾಹಕ ದೂರು: ಕನ್ನಡ ಪ್ರತಿ, ಇಂಗ್ಲಿಷ್ ಪ್ರತಿ, ನಡುವೆ ಅನುವಾದಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನದ ಮಹಿಳೆಯೊಬ್ಬರು ಊರಿನ ಅಂಗಡಿಯಲ್ಲಿ 32,500 ರೂಪಾಯಿಗೆ ಫ್ರಿಡ್ಜ್ ಕೊಂಡರು. ನಾಲ್ಕೇ ತಿಂಗಳಿಗೆ ಕೂಲಿಂಗ್ ನಿಂತಿತು. ಕಂಪನಿಯ ಮೆಕ್ಯಾನಿಕ್ ಎರಡು ಸಲ ಬಂದು ಗ್ಯಾಸ್ ತುಂಬಿಸಿ ಹೋದರೂ ಸರಿಹೋಗಲಿಲ್ಲ. ಕಂಪನಿಯ ಮುಖ್ಯ ಕಚೇರಿ ಬೇರೆ ರಾಜ್ಯದಲ್ಲಿದೆ, ಅಲ್ಲಿಗೆ ಹೋಗುವ ನೋಟಿಸ್ ಇಂಗ್ಲಿಷಿನಲ್ಲಿರಬೇಕು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡುವ ದೂರು ಕನ್ನಡದಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಇಷ್ಟು ಸುಲಭ. ತೊಡಕಿರುವುದು ನೋಟಿಸ್ ಒಂದು ಹೇಳಿ ದೂರು ಇನ್ನೊಂದು ಹೇಳಿದಾಗ. ಕಂಪನಿಯ ವಕೀಲರು ಮೊದಲು ಹುಡುಕುವುದೇ ಅದನ್ನು.

ಯಾವುದು ಮೂಲ?

ದೂರುದಾರರು ಯಾವ ಭಾಷೆಯಲ್ಲಿ ಘಟನೆಯನ್ನು ತಡವರಿಸದೆ ಹೇಳಬಲ್ಲರೋ ಅದರಲ್ಲೇ ಮೊದಲು ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಅದು ಕನ್ನಡ. ಒಂದು ಘಟನೆಗೆ ಒಂದು ಪ್ಯಾರಾ, ಪ್ರತಿ ಪ್ಯಾರಾಕ್ಕೂ ನಂಬರ್. ಇಂಗ್ಲಿಷಿನಲ್ಲೂ ಅದೇ ನಂಬರ್ ಬರಬೇಕು. ಅನುವಾದಕರು ಓದಲು ಚೆನ್ನಾಗಿರಲಿ ಎಂದು ಎರಡು ಪ್ಯಾರಾ ಸೇರಿಸಿದರೆ ಒಪ್ಪಬೇಡಿ. ನಾಳೆ ವಿಚಾರಣೆಯಲ್ಲಿ "ಐದನೇ ಪ್ಯಾರಾ ನೋಡಿ" ಎಂದಾಗ ಎರಡೂ ಪ್ರತಿಯಲ್ಲಿ ಒಂದೇ ಸಂಗತಿ ಸಿಗಬೇಕು.

ಅನುವಾದಕ್ಕೆ ಕೊಡುವ ಮುನ್ನ ಕನ್ನಡವನ್ನೇ ಬಿಗಿ ಮಾಡಿ

ನನ್ನ ಮಟ್ಟಿಗೆ ಅರ್ಧ ಕೆಲಸ ಇಲ್ಲೇ ಇದೆ. ಮಾತಿನಲ್ಲಿ ನಾವು ಕರ್ತೃಪದವನ್ನು ಸಲೀಸಾಗಿ ಬಿಟ್ಟುಬಿಡುತ್ತೇವೆ. "ಜುಲೈನಲ್ಲಿ ರಿಪೇರಿ ಮಾಡಿಸಿದೆ" ಎಂದು ಆಕೆ ಬರೆದರು ಅನ್ನಿ. ಮಾಡಿದ್ದು ಕಂಪನಿಯ ಮೆಕ್ಯಾನಿಕ್ ಎಂಬುದು ಆಕೆಗೆ ಗೊತ್ತು, ವಾಕ್ಯದಲ್ಲಿ ಇಲ್ಲ. ಮೊಬೈಲಿನ ಅನುವಾದ ಆ್ಯಪ್ ಇದನ್ನು "ಐ ರಿಪೇರ್ಡ್ ಇಟ್" ಎಂದು ಕೊಟ್ಟುಬಿಡಬಹುದು. ಅಧಿಕೃತರಲ್ಲದವರು ಯಂತ್ರ ಬಿಚ್ಚಿದರೆ ವಾರಂಟಿ ಇಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆ ಒಂದು ವಾಕ್ಯದಿಂದ ಆಕೆ ತಾವೇ ಫ್ರಿಡ್ಜ್ ಬಿಚ್ಚಿದೆ ಎಂದು ಬರೆದುಕೊಟ್ಟಂತಾಯಿತು. ಮೂಲವನ್ನು ಹೀಗೆ ತಿದ್ದಿ: "12 ಜುಲೈ 2024ರಂದು ಕಂಪನಿಯ ಸರ್ವಿಸ್ ಸೆಂಟರ್ ಕಳಿಸಿದ ಮೆಕ್ಯಾನಿಕ್ ನಮ್ಮ ಮನೆಗೆ ಬಂದು ಫ್ರಿಡ್ಜಿಗೆ ಗ್ಯಾಸ್ ತುಂಬಿಸಿದರು." ಇದನ್ನು ತಪ್ಪಾಗಿ ಅನುವಾದಿಸುವುದು ಕಷ್ಟ.

"ಅವರು ಹೇಳಿದರು" ಎಂಬುದೂ ಹಾಗೆಯೇ. ನಮ್ಮ ಗೌರವದ ಬಹುವಚನ ಇಂಗ್ಲಿಷಿನಲ್ಲಿ ಹಲವು ಜನ ಆಗಿಬಿಡಬಹುದು. ಅಂಗಡಿ ಮಾಲೀಕರೋ ಮೆಕ್ಯಾನಿಕ್ಕೋ, ಪ್ರತಿ ಸಲ ಹೆಸರಿಸಿ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, 05/07 ಎಂದರೆ ಕೆಲವರಿಗೆ ಮೇ ತಿಂಗಳು.

ಕೊನೆಯ ಬೇಡಿಕೆಯಲ್ಲಿ ಇನ್ನೂ ಎಚ್ಚರ ಬೇಕು. "ಫ್ರಿಡ್ಜ್ ಬದಲಾಯಿಸಿ ಕೊಡಿ" ಎಂಬುದು ಎಕ್ಸ್‌ಚೇಂಜ್ ಎಂದಾದರೆ, ಹಳೆಯದನ್ನು ಕೊಟ್ಟು ಉಳಿದ ಹಣ ಕಟ್ಟುವ ಅಂಗಡಿ ವ್ಯವಹಾರದಂತೆ ಕೇಳಿಸುತ್ತದೆ. "ಅದೇ ಮಾದರಿಯ ಹೊಸ ಫ್ರಿಡ್ಜ್ ಉಚಿತವಾಗಿ ಕೊಡಬೇಕು, ಇಲ್ಲವಾದರೆ 32,500 ರೂಪಾಯಿ ಹಿಂದಿರುಗಿಸಬೇಕು" ಎಂದರೆ ಗೊಂದಲವಿಲ್ಲ. ನೋಟಿಸಿನಲ್ಲಿ ಬರೀ ರಿಪೇರಿ ಕೇಳಿ ದೂರಿನಲ್ಲಿ ಪೂರ್ತಿ ಹಣ ಕೇಳುವುದಾದರೆ, ನಡುವೆ ಏನಾಯಿತೆಂದು ಒಂದು ಪ್ಯಾರಾದಲ್ಲಿ ವಿವರಿಸಿ.

ತಾಳೆ ನೋಡುವುದು

ಹೆಸರು, ಮಾದರಿ ಸಂಖ್ಯೆ, ಸೀರಿಯಲ್ ನಂಬರ್‌ಗಳನ್ನು ಅನುವಾದದಿಂದಲ್ಲ, ಬಿಲ್ಲಿನಿಂದಲೇ ಎರಡೂ ಪ್ರತಿಗೆ ಇಳಿಸಿ. ಸರ್ವಿಸ್ ಸೆಂಟರಿನ ಮೆಸೇಜನ್ನು ಬಂದ ಭಾಷೆಯಲ್ಲೇ ಲಗತ್ತಿಸಿ, ಅನುವಾದವನ್ನು ಅದರ ಕೆಳಗೆ ಕೊಡಿ. ಆಮೇಲೆ ಕನ್ನಡ ಮೂಲವನ್ನು ನೋಡಿರದ ಒಬ್ಬರು ಇಂಗ್ಲಿಷ್ ಪ್ರತಿಯನ್ನು ಪ್ಯಾರಾ ಪ್ಯಾರಾ ಕನ್ನಡದಲ್ಲಿ ಬಾಯಲ್ಲಿ ಹೇಳಲಿ, ದೂರುದಾರರು ಮೂಲ ಹಿಡಿದು ಕೇಳಲಿ. ಆ್ಯಪಿನಲ್ಲೇ ತಿರುಗಿಸಿ ನೋಡುವುದನ್ನು ನಾನು ಅಷ್ಟು ನಂಬುವುದಿಲ್ಲ, ಹೋಗುವಾಗಿನ ತಪ್ಪು ಬರುವಾಗ ಮುಚ್ಚಿಹೋಗಬಹುದು.

ವಕೀಲರು ಅಫಿಡವಿಟ್ಟನ್ನು ಇಂಗ್ಲಿಷಿನಲ್ಲಿ ಸಿದ್ಧಮಾಡಿದರೆ, ಇಂಗ್ಲಿಷ್ ಬಾರದವರು ಬರೀ ಸಹಿ ಹಾಕಬಾರದು. ಒಕ್ಕಣೆಯನ್ನು ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಎಂಬ ಸಾಲು ಅದರಲ್ಲಿರಬೇಕು, ನಿಜಕ್ಕೂ ಓದಿ ಹೇಳಿಸಿಕೊಳ್ಳಬೇಕು. ಪ್ರಕರಣ ದೆಹಲಿಯ ರಾಷ್ಟ್ರೀಯ ಆಯೋಗದವರೆಗೆ ಹೋದರೆ ಕನ್ನಡ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ, ಆದ್ದರಿಂದ ಮೊದಲ ಅನುವಾದವನ್ನು ಎಸೆಯಬೇಡಿ.

ತಿದ್ದುಪಡಿ ಯಾವಾಗಲೂ ಮೂಲದಲ್ಲಿ ಮೊದಲು, ಅದೇ ದಿನ ಅನುವಾದದಲ್ಲಿ. ಮೆಕ್ಯಾನಿಕ್ ಮೂರನೇ ಸಲ ಬಂದುಹೋದರೆ ಹೊಸ ಪ್ಯಾರಾ ಸೇರುತ್ತದೆ. ಆಗ ಮುಂದಿನ ನಂಬರ್‌ಗಳಷ್ಟೇ ಅಲ್ಲ, "ಎರಡು ಸಲ" ಎಂದು ಬೇಡಿಕೆಯ ಭಾಗದಲ್ಲಿ ಉಳಿದಿರುವ ಮಾತೂ ಎರಡು ಭಾಷೆಯಲ್ಲೂ "ಮೂರು ಸಲ" ಆಗಬೇಕು.