ಮೆಕ್ಕೆಜೋಳದ ಸಾಲನ್ನ ಕ್ಯಾಮೆರಾ ಹಿಡಿಯೋದು ಹೇಗೆ

ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಬಿತ್ತೋವಾಗ ಸಾಮಾನ್ಯವಾಗಿ ಸಾಲಿಂದ ಸಾಲಿಗೆ 60 ಸೆಂಟಿಮೀಟರ್, ಅಂದ್ರೆ ಎರಡು ಅಡಿ ಬಿಡ್ತಾರೆ. ಆ ಎರಡು ಅಡಿ ಜಾಗದಲ್ಲೇ ಎಡೆಕುಂಟೆ ಹೊಡೆಯೋದು. ಈಗ ಎತ್ತಿನ ಜಾಗದಲ್ಲಿ ಒಂದು ಸಣ್ಣ ಬ್ಯಾಟರಿ ರೋಬೋ ಇದೆ, ಅದರ ಹಿಂದೆ 40 ಸೆಂಟಿಮೀಟರ್ ಅಗಲದ ಕುಂಟೆ ಇದೆ ಅಂದ್ಕೊಳ್ಳಿ. ಎರಡೂ ಕಡೆ ಬುಡಕ್ಕೆ ಉಳಿಯೋದು ಬರೀ 10 ಸೆಂಟಿಮೀಟರ್, ಅಷ್ಟು ತಪ್ಪಿದ್ರೆ ಕಳೆ ಬದಲು ಪೈರೇ ಹೋಗತ್ತೆ. ಫೋನಿನ ಜಿಪಿಎಸ್ ಇಲ್ಲಿ ಕೆಲಸಕ್ಕೆ ಬರಲ್ಲ, ಅದು ಮೀಟರ್‌ಗಟ್ಟಲೆ ಆಚೀಚೆ ಆಗತ್ತೆ. ದುಬಾರಿ ಆರ್‌ಟಿಕೆ ಜಿಪಿಎಸ್ ಒಂದೆರಡು ಸೆಂಟಿಮೀಟರ್ ಒಳಗೆ ಹೇಳತ್ತೆ ನಿಜ, ಆದ್ರೆ ರೋಬೋ ಎಲ್ಲಿದೆ ಅಂತ ಹೇಳತ್ತೆ ಅಷ್ಟೇ, ಸಾಲು ಎಲ್ಲಿದೆ ಅಂತ ಅದಕ್ಕೇನು ಗೊತ್ತು, ಬಿತ್ತಿದ ದಿನ ಯಾರೂ ಬರೆದಿಟ್ಟಿರಲ್ಲ. ಹಂಗಾಗಿ ಕಣ್ಣಿಂದ ನೋಡಿಯೇ ಹೋಗ್ಬೇಕು, ಅಂದ್ರೆ ಕ್ಯಾಮೆರಾ ಬೇಕು.

ಮೊದಲನೇ ಕೆಲಸ ಹಸಿರು ಯಾವುದು ಮಣ್ಣು ಯಾವುದು ಅಂತ ಬೇರೆ ಮಾಡೋದು. ಚಿತ್ರದ ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಇರತ್ತೆ. 'ಹಸಿರು ಅಂಕಿ ದೊಡ್ಡದಿದ್ರೆ ಗಿಡ' ಅಂತ ಬರೆದ್ರೆ ಮೋಸ ಹೋಗ್ತೀವಿ, ಯಾಕಂದ್ರೆ ಬಿಸಿಲಲ್ಲಿರೋ ಕೆಮ್ಮಣ್ಣಿನ ಹಸಿರು ಅಂಕಿ ನೆರಳಲ್ಲಿರೋ ಎಲೆಗಿಂತ ಜಾಸ್ತಿ ಇರತ್ತೆ. ಅದಕ್ಕೇ ಮೂರು ಬಣ್ಣದ ಒಟ್ಟು ಮೊತ್ತದಲ್ಲಿ ಹಸಿರಿನ ಪಾಲೆಷ್ಟು ಅಂತ ನೋಡ್ಬೇಕು. 1995ರಲ್ಲಿ ವೋಬೆಕ್ ಮತ್ತವರ ಜೊತೆಗಾರರು ಬರೆದ ಎಕ್ಸೆಸ್ ಗ್ರೀನ್ ಅನ್ನೋ ಲೆಕ್ಕ ಇದೇ, ಇವತ್ತಿಗೂ ಜನ ಮೊದಲು ಕೈ ಹಾಕೋದು ಇದಕ್ಕೇ:

```python
a = img.astype(float)
B, G, R = a[...,0], a[...,1], a[...,2]
exg = (2*G - R - B) / (R + G + B + 1)
mask = exg > 0.15
```

ಮೊದಲ ಸಾಲಿನ `float` ಮರೀಬೇಡಿ, 8 ಬಿಟ್ ಅಂಕಿಗಳನ್ನ ಹಂಗೇ ಕೂಡಿದ್ರೆ 255 ದಾಟಿದ ತಕ್ಷಣ ಮತ್ತೆ ಸೊನ್ನೆಯಿಂದ ಶುರುವಾಗಿ ಚಿತ್ರ ಚೆಲ್ಲಾಪಿಲ್ಲಿ ಆಗತ್ತೆ. ಈಗ ಒಂದು ಎಲೆ ತಗೊಳ್ಳಿ, ಕೆಂಪು 70, ಹಸಿರು 110, ನೀಲಿ 50. ಉತ್ತರ ಹೆಚ್ಚುಕಮ್ಮಿ 0.43. ಕೆಮ್ಮಣ್ಣು 150, 95, 65 ಇದ್ರೆ ಉತ್ತರ ಮೈನಸ್ 0.08. ಎಲೆ ಮೇಲೆ ನೆರಳು ಬಿದ್ದು ಮೂರೂ ಅಂಕಿ ಅರ್ಧ ಆದ್ರೂ ಪಾಲು ಬದಲಾಗಲ್ಲ, ಉತ್ತರ ಮತ್ತೆ 0.43ರ ಹತ್ತಿರಾನೇ ಬರತ್ತೆ, ಈ ಲೆಕ್ಕದ ಬೆಲೆ ಇರೋದೇ ಅಲ್ಲಿ. ಗಡಿಯನ್ನ ಕೈಯಿಂದ 0.15 ಅಂತ ಇಡೋ ಬದಲು ಓಟ್ಸು ಅನ್ನೋ ವಿಧಾನ ಚಿತ್ರ ನೋಡಿ ತಾನೇ ಗಡಿ ಆರಿಸತ್ತೆ, ಆದ್ರೆ ಅದು ಏನೇ ಇದ್ರೂ ಎರಡು ಗುಂಪು ಮಾಡೇ ಮಾಡತ್ತೆ. ಬದುವಿನ ಹತ್ತಿರ ಬರೀ ಮಣ್ಣು ಕಂಡಾಗ ಮಣ್ಣನ್ನೇ ಎರಡು ಪಾಲು ಮಾಡಿ ಒಂದನ್ನ ಗಿಡ ಅಂದುಬಿಡತ್ತೆ. ಓಟ್ಸು ಬಳಸಿದ್ರೂ ಇದಕ್ಕಿಂತ ಕೆಳಗೆ ಇಳೀಬಾರದು ಅಂತ ಒಂದು ಗಡಿ ಹಾಕಲೇಬೇಕು.

ಇಷ್ಟಾದ್ಮೇಲೆ ಎಲ್ಲರೂ ಎಡವೋ ಜಾಗ ಬರತ್ತೆ. ಕಳೇನೂ ಹಸಿರೇ. ಜೇಕು, ಗರಿಕೆ, ಕಾಂಗ್ರೆಸ್ ಗಿಡ ಎಲ್ಲಾ ಮಾಸ್ಕ್‌ನಲ್ಲಿ, ಅಂದ್ರೆ ಗಿಡ ಅಂತ ಗುರುತಾದ ಚುಕ್ಕೆಗಳಲ್ಲಿ, ಮೆಕ್ಕೆಜೋಳದ ಜೊತೆ ಸೇರ್ಕೊಂಡಿರತ್ತೆ. ಇಲ್ಲಿ ತುಂಬಾ ಜನ ನೇರವಾಗಿ ಒಂದೊಂದು ಗಿಡಾನೂ ಗುರುತಿಸೋ ನ್ಯೂರಲ್ ನೆಟ್‌ವರ್ಕ್ ಕಡೆ ಓಡ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಅವಸರ, ಯಾಕಂದ್ರೆ ಸ್ಟೀರಿಂಗ್‌ಗೆ ಬೇಕಿರೋದು ಯಾವುದು ಕಳೆ ಅಂತಲ್ಲ, ಸಾಲು ಎಲ್ಲಿದೆ ಅಂತ. ಸಾಲಿನ ಬಗ್ಗೆ ನಮಗೆ ಮೊದಲೇ ಒಂದು ದೊಡ್ಡ ವಿಷಯ ಗೊತ್ತು: ಕೂರಿಗೆ ಸಾಲುಗಳನ್ನ ಪಕ್ಕಪಕ್ಕದಲ್ಲಿ ಸಮವಾಗಿ ಎಳೆದಿದೆ, ನಡುವೆ 60 ಸೆಂಟಿಮೀಟರ್ ಇದೆ. ಕಳೆಗೆ ಆ ಶಿಸ್ತಿಲ್ಲ.

ಚಿತ್ರದಲ್ಲಿ ಮಾತ್ರ ಆ 60 ಒಂದೇ ಥರ ಕಾಣಲ್ಲ. ಕ್ಯಾಮೆರಾ ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿ 30 ಡಿಗ್ರಿ ಕೆಳಗೆ ಬಾಗಿದ್ರೆ, ಅಡ್ಡಕ್ಕೆ 60 ಡಿಗ್ರಿ ನೋಡೋ 640×480 ಚಿತ್ರದ ಕೆಳ ಅಂಚಲ್ಲಿ ಎರಡು ಸಾಲಿನ ನಡುವೆ ಸುಮಾರು 364 ಪಿಕ್ಸೆಲ್, ಮಧ್ಯದಲ್ಲಿ 208, ಮೇಲಂಚಲ್ಲಿ ಬರೀ 52. ಅದಕ್ಕೆ ಚಿತ್ರವನ್ನ ಮೇಲಿಂದ ನೋಡಿದ ಹಾಗೆ ತಿರುಗಿಸ್ಕೋಬೇಕು. ನೆಲದ ಮೇಲೆ ಅಳತೆ ಗೊತ್ತಿರೋ ಒಂದು ಚೌಕ ಇಟ್ಟು, ಅದರ ನಾಲ್ಕು ಮೂಲೆ ಚಿತ್ರದಲ್ಲಿ ಎಲ್ಲಿ ಬಿದ್ದಿದೆ ನೋಡಿ `cv2.getPerspectiveTransform`ಗೆ ಕೊಟ್ರೆ ಆಯ್ತು. ಒಂದು ಪಿಕ್ಸೆಲ್‌ಗೆ ಒಂದು ಸೆಂಟಿಮೀಟರ್ ಅಂತ ಇಟ್ರೆ ಮುಂದಿನ ಎರಡು ಮೀಟರ್ ಹೊಲ ಅಳತೆ ಪ್ರಕಾರ ಕಣ್ಣ ಮುಂದೆ ಇರತ್ತೆ.

ಈಗ 60 ಸೆಂಟಿಮೀಟರ್ ದೂರಕ್ಕೊಂದು ಹಲ್ಲಿರೋ ಮೂರು ಹಲ್ಲಿನ ಬಾಚಣಿಗೆಯನ್ನ ಈ ಮಾಸ್ಕ್ ಮೇಲೆ ಜರುಗಿಸ್ತಾ ಹೋಗಿ. ಅಡ್ಡಕ್ಕೆ 60 ಜಾಗ, ಓರೆ ಮೈನಸ್ 10ರಿಂದ 10 ಡಿಗ್ರಿವರೆಗೆ 21 ಕೋನ, ಒಟ್ಟು 1260 ಸಲ. ಸಣ್ಣ ಕಂಪ್ಯೂಟರ್ ಬೋರ್ಡ್‌ಗೂ ಇದು ಭಾರ ಅಲ್ಲ. ಎಲ್ಲಿ ಹಲ್ಲುಗಳ ಕೆಳಗೆ ಅತೀ ಹೆಚ್ಚು ಹಸಿರು ಸಿಗತ್ತೋ ಅದೇ ಸಾಲು. ಮೂರು ಸಾಲು ಎರಡೆರಡು ಮೀಟರ್ ಅಂದ್ರೆ ಆರು ಮೀಟರ್ ಉದ್ದದ ಸಾಕ್ಷಿ ಒಟ್ಟಿಗೆ ಓಟು ಹಾಕ್ತಿದೆ, ಅದರಲ್ಲಿ 30 ಸೆಂಟಿಮೀಟರ್‌ನ ಒಂದು ಕಾಂಗ್ರೆಸ್ ಗಿಡದ ಪೊದೆ 5% ಅಷ್ಟೇ. ನಡುವೆ ನಾಲ್ಕೈದು ಗಿಡ ಹುಟ್ಟದೇ ಖಾಲಿ ಬಿದ್ದಿದ್ರೂ ಪಕ್ಕದ ಸಾಲುಗಳು ಎತ್ತಿ ಹಿಡೀತವೆ.

ಉತ್ತರ ನಂಬಬಹುದಾ ಅಂತ ತಿಳ್ಕೊಳ್ಳೋಕೆ ಅದೇ ಬಾಚಣಿಗೇನ 30 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ, ಅಂದ್ರೆ ಸಾಲುಗಳ ಸರಿಯಾಗಿ ನಡುವೆ ಇಟ್ಟು ಅಲ್ಲಿ ಎಷ್ಟು ಹಸಿರಿದೆ ನೋಡಿ. ಸಾಲಿನ ಮೇಲಿರೋದು ನಡುವಿನದಕ್ಕಿಂತ ಒಂದೂವರೆ ಪಟ್ಟೂ ಇಲ್ಲ ಅಂದ್ರೆ ಕುಂಟೆ ಎತ್ತಿ ನಿಂತುಬಿಡಬೇಕು. ಇನ್ನೊಂದು ಪರೀಕ್ಷೆ ಸಮಯದ್ದು. ರೋಬೋ ಸೆಕೆಂಡಿಗೆ ಅರ್ಧ ಮೀಟರ್ ಹೋಗ್ತಾ ಸೆಕೆಂಡಿಗೆ 10 ಚಿತ್ರ ತೆಗೆದ್ರೆ ಎರಡು ಚಿತ್ರದ ನಡುವೆ 5 ಸೆಂಟಿಮೀಟರ್ ಮುಂದೆ ಹೋಗಿರತ್ತೆ, 10 ಡಿಗ್ರಿ ಓರೆ ಇದ್ರೂ ಪಕ್ಕಕ್ಕೆ ಒಂದು ಸೆಂಟಿಮೀಟರ್ ಕೂಡ ಜರುಗಿರಲ್ಲ. ಸಾಲು ಒಮ್ಮೆಲೇ 15 ಸೆಂಟಿಮೀಟರ್ ಹಾರ್ತು ಅಂತ ಲೆಕ್ಕ ಹೇಳಿದ್ರೆ ಹಾರಿದ್ದು ಸಾಲಲ್ಲ, ಲೆಕ್ಕ ಕಳೆಗೆ ಅಂಟ್ಕೊಂಡಿದೆ.

ಹೆಂಟೆ ಮೇಲೆ ಒಂದು ಚಕ್ರ ಹತ್ತಿದಾಗಲೂ ತೊಂದರೆ ಇದೆ. ರೋಬೋ 3 ಡಿಗ್ರಿ ಪಕ್ಕಕ್ಕೆ ವಾಲಿದ್ರೆ ಕ್ಯಾಮೆರಾ ಕೆಳಗಿನ ನೆಲ 4 ಸೆಂಟಿಮೀಟರ್ ಸರಿದ ಹಾಗೆ ಕಾಣತ್ತೆ, ಇದ್ದ 10ರಲ್ಲಿ 4 ಹೋಯ್ತು. ವಾಲೋದನ್ನ ಅಳೆಯೋ ಅಗ್ಗದ ಸೆನ್ಸರ್ ಹಾಕಿ ಅಷ್ಟನ್ನ ಲೆಕ್ಕದಿಂದ ಕಳೆದ್ರೆ ಸರಿ ಹೋಗತ್ತೆ, ಆದ್ರೆ ಪ್ರೋಗ್ರಾಂ ಬರೆಯೋರು ಸುಮಾರು ಸಲ ಇದನ್ನ ಬಿಟ್ಟು ಮಾಸ್ಕ್ ಸರಿ ಇಲ್ಲ ಅಂತ ಅದನ್ನೇ ತಿದ್ದುತಾ ಕೂರ್ತಾರೆ.

ಮಳೆ ಹಿಡಿದು ಎರಡು ವಾರ ಹೊಲಕ್ಕೆ ಇಳಿಯೋಕಾಗದೆ ನೆಲ ಪೂರ್ತಿ ಹಸಿರಾದಾಗ ಬಾಚಣಿಗೆ ಸೋಲತ್ತೆ. ಆಗ ನಿಜವಾಗ್ಲೂ ಕಲಿಯೋ ಮಾಡೆಲ್ ಬೇಕು. ಜರ್ಮನಿಯ ಫ್ರೈಬರ್ಗ್‌ನಲ್ಲಿ 2015ರಲ್ಲಿ ವೈದ್ಯಕೀಯ ಚಿತ್ರಗಳಿಗಾಗಿ ಮಾಡಿದ ಯು-ನೆಟ್ ಇಲ್ಲೂ ಚೆನ್ನಾಗಿ ನಡಿಯತ್ತೆ. ಇಂಗ್ಲೆಂಡಿನ ಲಿಂಕನ್ ಯೂನಿವರ್ಸಿಟಿಯವರು ಸಕ್ಕರೆ ಬೀಟ್ ಹೊಲದಲ್ಲಿ ಇದಕ್ಕೆ ಒಂದೊಂದು ಎಲೆ ಕಲಿಸದೆ ಸಾಲಿನ ಗೆರೆಯನ್ನೇ ಕಲಿಸಿದ್ರು. ಕೂಲಿ ಲೆಕ್ಕದಲ್ಲೂ ಇದು ಬುದ್ಧಿವಂತಿಕೆ, ಒಂದು ಚಿತ್ರದಲ್ಲಿ ಎಲೆ ಎಲೆ ಸುತ್ತ ಗೆರೆ ಹಾಕೋ ಹೊತ್ತಲ್ಲಿ ಎಷ್ಟೋ ಚಿತ್ರಕ್ಕೆ ಸಾಲಿನ ಗೆರೆ ಎಳೆದು ಮುಗಿಸಬಹುದು. ಪರೀಕ್ಷೆ ಮಾಡೋವಾಗ ಒಂದೇ ಹೊಲದ ವಿಡಿಯೋದಿಂದ ಅರ್ಧ ಕಲಿಕೆಗೆ ಅರ್ಧ ಪರೀಕ್ಷೆಗೆ ಅಂತ ಹಂಚಬೇಡಿ, ಅಕ್ಕಪಕ್ಕದ ಫ್ರೇಮ್ ಹೆಚ್ಚುಕಮ್ಮಿ ಒಂದೇ ಇರತ್ತೆ, ಅಂಕ ಚೆನ್ನಾಗಿ ಬಂದು ಹೊಸ ಹೊಲದಲ್ಲಿ ಬಿದ್ದುಹೋಗತ್ತೆ. ಪರೀಕ್ಷೆಗೆ ಬೇರೆ ಹೊಲ, ಬೇರೆ ಮಣ್ಣು ಇರಲಿ. ಅಳೆಯೋದು ಕೂಡ ಮಾಸ್ಕ್ ಎಷ್ಟು ಪರ್ಸೆಂಟ್ ಹೊಂದಿತು ಅಂತ ಅಲ್ಲ, ಗೆರೆ ಬುಡದಿಂದ ಎಷ್ಟು ಸೆಂಟಿಮೀಟರ್ ದೂರ ಬಿತ್ತು ಅಂತ.

ಬಿತ್ತಿ ಒಂದೂವರೆ ತಿಂಗಳ ಹೊತ್ತಿಗೆ ಎಲೆಗಳು ಸಾಲಿನ ನಡುವೆ ಕೂಡ್ಕೊಂಡು ಮೇಲಿನ ಕ್ಯಾಮೆರಾಗೆ ಬುಡವೇ ಕಾಣಲ್ಲ, ಆದ್ರೆ ಅಷ್ಟೊತ್ತಿಗೆ ನೆರಳಿಗೆ ಹೊಸ ಕಳೆ ಏಳೋದೂ ಕಮ್ಮಿ, ಎಡೆ ಹೊಡೆಯೋ ಕಾಲ ಮುಗಿದಿರತ್ತೆ. ಅದಕ್ಕೂ ಮುಂಚೆ ಸಾಲಿನ ಒಳಗೇ, ಗಿಡ ಗಿಡದ ಮಧ್ಯೆ ಎದ್ದ ಕಳೆಯನ್ನ ಮಾತ್ರ ಈ ರೋಬೋ ಮುಟ್ಟಲ್ಲ, ಅದನ್ನ ಈಗಲೂ ಕೈಯಿಂದಲೇ ಕೀಳ್ಬೇಕು.