ಒಂಟಿ ಎಲೆಕ್ಟ್ರಾನ್ ಕೂತ ಮನೆ: ಸೂಪರ್‌ಕಂಡಕ್ಟರಿನ ಗ್ಯಾಪ್ ಎಲ್ಲಿಂದ ಬರುತ್ತದೆ?

ಕೂಪರ್ ಜೋಡಿಯ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕುತ್ತೇನೆ: ಸೂಪರ್‌ಕಂಡಕ್ಟರಿನಲ್ಲಿ ಎನರ್ಜಿ ಗ್ಯಾಪ್ ಅಂದರೆ ಏನು? ಬಹುತೇಕ ಎಲ್ಲರೂ ಹೇಳುವುದು ಒಂದೇ. ಎರಡು ಎಲೆಕ್ಟ್ರಾನುಗಳು ಅಂಟಿಕೊಂಡು ಜೋಡಿಯಾಗಿವೆ, ಆ ಅಂಟು ಬಿಡಿಸಲು ಬೇಕಾದ ಶಕ್ತಿಯೇ ಗ್ಯಾಪ್. ಹೈಡ್ರೋಜನ್ ಅಣುವನ್ನು ಒಡೆದ ಹಾಗೆ. ಈ ಉತ್ತರ ಸರಿಯೇ ಎಂದು ಅಲ್ಯೂಮಿನಿಯಮ್ಮಿನ ಲೆಕ್ಕ ಹಾಕಿ ನೋಡೋಣ.

ಮೊದಲು ಅಂಟಿನ ಮಾತು. ಎಲೆಕ್ಟ್ರಾನ್ ಹಾದುಹೋದ ದಾರಿಯಲ್ಲಿ ಧನ ಅಯಾನುಗಳು ತುಸು ಒಳಕ್ಕೆ ಸರಿಯುತ್ತವೆ. ಅವು ಭಾರವಾದ್ದರಿಂದ ಮತ್ತೆ ಸ್ವಸ್ಥಾನಕ್ಕೆ ಬರುವುದು ನಿಧಾನ. ಅಷ್ಟರಲ್ಲಿ ಮೊದಲ ಎಲೆಕ್ಟ್ರಾನ್ ಬಹುದೂರ ಹೋಗಿರುತ್ತದೆ, ಉಳಿದ ಧನಾವೇಶದ ಜಾಡು ಇನ್ನೊಂದು ಎಲೆಕ್ಟ್ರಾನನ್ನು ಸೆಳೆಯುತ್ತದೆ. ಈ ಸೆಳೆತ ಬಹಳ ಸಣ್ಣದು. ಆದರೆ 1956ರಲ್ಲಿ ಲಿಯಾನ್ ಕೂಪರ್ ತೋರಿಸಿದ್ದು ಇದು: ತುಂಬಿದ ಫರ್ಮಿ ಸಾಗರದ ಮೇಲೆ ಎರಡು ಎಲೆಕ್ಟ್ರಾನುಗಳನ್ನಿಟ್ಟರೆ, ಸೆಳೆತ ಎಷ್ಟೇ ಸಣ್ಣದಿದ್ದರೂ ಅವು ಜೋಡಿಯಾಗುತ್ತವೆ. ಆ ಜೋಡಿಯ ಬಂಧನಶಕ್ತಿ 2ħω·e^(−2/λ). ಇಲ್ಲಿ ħω ಸ್ಫಟಿಕದ ಕಂಪನಗಳ ಗರಿಷ್ಠ ಶಕ್ತಿ, λ ಸೆಳೆತದ ಬಲವನ್ನು ಹೇಳುವ ಸಂಖ್ಯೆ.

ಮರುವರ್ಷ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ಎಲ್ಲ ಎಲೆಕ್ಟ್ರಾನುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಬಂದ ಗ್ಯಾಪ್ ಬೇರೆ: Δ = 2ħω·e^(−1/λ). ಘಾತದಲ್ಲಿ 2ರ ಜಾಗದಲ್ಲಿ 1 ಕೂತಿದೆ, ಅಷ್ಟೇ. ಆ ಸಣ್ಣ ಬದಲಾವಣೆಯಲ್ಲೇ ಇಡೀ ವಿಷಯ ಅಡಗಿದೆ.

ಅಲ್ಯೂಮಿನಿಯಮ್ಮಿನಲ್ಲಿ ħω ಸುಮಾರು 37 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಅದು ಸೂಪರ್‌ಕಂಡಕ್ಟರ್ ಆಗುವುದು 1.2 ಕೆಲ್ವಿನ್‌ನಲ್ಲಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ 1/λ ಸುಮಾರು 6. ಹಾಗಾದರೆ Δ ಸುಮಾರು 0.18 ಮಿಲಿ ಎಲೆಕ್ಟ್ರಾನ್‌ವೋಲ್ಟ್, ಅಂದರೆ 2Δ ಸುಮಾರು 0.37. ಪ್ರಯೋಗದಲ್ಲಿ ಸಿಗುವ ಬೆಲೆಯೂ ಇದರ ಹತ್ತಿರವೇ ಇದೆ. ಈಗ ಕೂಪರನ ಒಂದೇ ಜೋಡಿಯ ಬಂಧನಶಕ್ತಿ ನೋಡಿ: 0.00045 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಸುಮಾರು 800 ಪಟ್ಟು ಕಡಿಮೆ! ಗ್ಯಾಪ್ ಬರೀ ಎರಡು ಎಲೆಕ್ಟ್ರಾನುಗಳ ನಡುವಿನ ಅಂಟಾಗಿದ್ದರೆ, ಒಂದು ಕೆಲ್ವಿನ್ನಿನ ಇನ್ನೂರನೇ ಒಂದು ಭಾಗದಷ್ಟು ಬಿಸಿಯೇ ಅದನ್ನು ಬಿಡಿಸಿಬಿಡುತ್ತಿತ್ತು.

ಉಳಿದ ಶಕ್ತಿ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಲು ಎಲೆಕ್ಟ್ರಾನುಗಳ ಬದಲು ಅವು ಕೂರುವ ಜಾಗಗಳ ಕಡೆ ನೋಡಬೇಕು. ಸಂವೇಗ k ಮತ್ತು ಮೇಲ್ಮುಖ ಸ್ಪಿನ್ ಇರುವ ಒಂದು ಸ್ಥಿತಿ, ಸಂವೇಗ −k ಮತ್ತು ಕೆಳಮುಖ ಸ್ಪಿನ್ ಇರುವ ಇನ್ನೊಂದು, ಈ ಎರಡನ್ನೂ ಸೇರಿಸಿ ಒಂದು ಜೋಡಿ-ಮನೆ ಎನ್ನೋಣ. ಸೆಳೆತ ಮಾಡುವ ಕೆಲಸ ಇಷ್ಟೇ: ಒಂದು ಜೋಡಿ-ಮನೆಯಲ್ಲಿರುವ ಜೋಡಿಯನ್ನು ಎತ್ತಿ ಮತ್ತೊಂದಕ್ಕೆ ಕಳಿಸುವುದು. ಕಳಿಸುವ ಮನೆ ತುಂಬಿರಬೇಕು, ಬರಮಾಡಿಕೊಳ್ಳುವ ಮನೆ ಖಾಲಿಯಿರಬೇಕು. ಇಂಥ ಸಾಗಾಟ ಹೆಚ್ಚಾದಷ್ಟೂ ಒಟ್ಟು ಶಕ್ತಿ ಇಳಿಯುತ್ತದೆ. ಹಾಗಾಗಿ ಫರ್ಮಿ ಮಟ್ಟದ ಆಸುಪಾಸಿನ ಮನೆಗಳು ಪೂರ್ತಿ ತುಂಬಿಯೂ ಇರುವುದಿಲ್ಲ, ಪೂರ್ತಿ ಖಾಲಿಯೂ ಇರುವುದಿಲ್ಲ. ತುಂಬಿದ ಮತ್ತು ಖಾಲಿ ಸ್ಥಿತಿಗಳ ಕ್ವಾಂಟಮ್ ಮಿಶ್ರಣದಲ್ಲಿರುತ್ತವೆ. ಇದಕ್ಕಾಗಿ ಚಲನಶಕ್ತಿ ಕೊಂಚ ಏರುತ್ತದೆ, ಆದರೆ ಸಾಗಾಟದ ಲಾಭ ಅದಕ್ಕಿಂತ ದೊಡ್ಡದು.

ಈಗ ಒಂದೇ ಮನೆಯನ್ನು ಹಿಡಿಯಿರಿ. ಒಂದು ಎಲೆಕ್ಟ್ರಾನಿನ ಶಕ್ತಿಯನ್ನು ಫರ್ಮಿ ಮಟ್ಟದಿಂದ ಅಳೆದು ξ ಎನ್ನೋಣ. ಮನೆ ಖಾಲಿಯಿದ್ದರೆ ಶಕ್ತಿ 0, ತುಂಬಿದ್ದರೆ 2ξ. ಈ ಎರಡು ಸ್ಥಿತಿಗಳನ್ನು ಬೆಸೆಯುವ ಬಲವೇ Δ. ಅದು ಈ ಮನೆಯ ಸ್ವಂತ ಆಸ್ತಿಯಲ್ಲ. ಉಳಿದೆಲ್ಲ ಮನೆಗಳೊಡನೆ ನಡೆಯುವ ಕೊಡುಕೊಳ್ಳುವಿಕೆಯ ಒಟ್ಟು ಮೊತ್ತ. ಎರಡು ಮಟ್ಟಗಳ ಈ ಲೆಕ್ಕವನ್ನು ಕ್ವಾಂಟಮ್ ಮೆಕ್ಯಾನಿಕ್ಸಿನ ಮೊದಲ ಕೋರ್ಸಿನಲ್ಲೇ ಮಾಡಿರುತ್ತೀರಿ. 2×2 ಮ್ಯಾಟ್ರಿಕ್ಸ್ ಬಿಡಿಸಿದರೆ ಕೆಳಗಿನ ಮಟ್ಟ ಹೀಗೆ:

ξ − √(ξ² + Δ²)

ಈ ಮನೆಯೊಳಗೆ ಒಂದೇ ಒಂದು ಎಲೆಕ್ಟ್ರಾನ್, ಜೊತೆಗಾರನಿಲ್ಲದೆ, ಬಂದು ಕೂತಿತು ಎಂದುಕೊಳ್ಳಿ. ಆಗ ಮನೆಯಲ್ಲಿ ಕಳಿಸಲು ಜೋಡಿಯಿಲ್ಲ. ಹೊಸ ಜೋಡಿ ಬರೋಣವೆಂದರೆ ಅರ್ಧ ಜಾಗ ಭರ್ತಿಯಾಗಿದೆ, ಪೌಲಿ ನಿಯಮ ಬಿಡುವುದಿಲ್ಲ. ಮನೆ ಕೊಡುಕೊಳ್ಳುವಿಕೆಯಿಂದ ಹೊರಬಿತ್ತು. ಅದರ ಶಕ್ತಿ ಈಗ ಬರೀ ξ. ಹಾಗಾದರೆ ಒಂಟಿ ಎಲೆಕ್ಟ್ರಾನ್ ಬಂದದ್ದರಿಂದ ಆದ ಖರ್ಚು:

E = ξ − [ξ − √(ξ² + Δ²)] = √(ξ² + Δ²)

ξ ಎಷ್ಟೇ ಇರಲಿ, ಫರ್ಮಿ ಮಟ್ಟದಲ್ಲೇ ಇದ್ದು ಸೊನ್ನೆಯಾಗಿರಲಿ, ಈ ಖರ್ಚು Δಗಿಂತ ಕೆಳಗಿಳಿಯುವುದಿಲ್ಲ. ಗ್ಯಾಪ್ ಅಂದರೆ ಇದೇ. ಒಂದು ಜೋಡಿ ಒಡೆದರೆ ಎರಡು ಒಂಟಿಗಳು ಎರಡು ಬೇರೆ ಮನೆಗಳನ್ನು ಕಟ್ಟಿಹಾಕುತ್ತವೆ, ಆದ್ದರಿಂದ 2Δ. ಆ 800 ಪಟ್ಟು ಎಲ್ಲಿಂದ ಬಂತೆಂಬುದೂ ಇಲ್ಲಿ ತಿಳಿಯುತ್ತದೆ: ನೀವು ತೆರುವ ಬೆಲೆ ಒಬ್ಬ ಸಂಗಾತಿಯನ್ನು ಬಿಟ್ಟುದಕ್ಕಲ್ಲ, ಒಂದು ಮನೆ ಇಡೀ ಸಮೂಹದ ವ್ಯವಹಾರದಿಂದ ಕಡಿದುಹೋದದ್ದಕ್ಕೆ. ಬಿಸಿ ಏರಿದಂತೆ ಗ್ಯಾಪ್ ಯಾಕೆ ಕುಗ್ಗುತ್ತದೆ ಎನ್ನುವುದೂ ಇದರಿಂದಲೇ ಹೊರಡುತ್ತದೆ. ಒಂಟಿಗಳು ಹೆಚ್ಚಿದಂತೆ ಮುಚ್ಚಿದ ಮನೆಗಳು ಹೆಚ್ಚುತ್ತವೆ, ಮೊತ್ತ ಇಳಿಯುತ್ತದೆ, Δ ಸಣ್ಣದಾಗುತ್ತದೆ, ಆಗ ಒಂಟಿಗಳು ಹುಟ್ಟುವುದು ಇನ್ನೂ ಸುಲಭ. ಕೊನೆಯ ಹಂತದ ಕುಸಿತ ಅಷ್ಟು ಕಡಿದಾಗಿರುವುದು ಇದಕ್ಕೇ.

ಗ್ಯಾಪನ್ನು ನೇರವಾಗಿ ನೋಡುವ ದಾರಿಯನ್ನು 1960ರಲ್ಲಿ ಐವರ್ ಯೇವರ್ ತೋರಿಸಿದರು. ಅಲ್ಯೂಮಿನಿಯಮ್ ಪಟ್ಟಿ, ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್, ಮೇಲೆ ಸೀಸದ ಪಟ್ಟಿ. ಎಲೆಕ್ಟ್ರಾನುಗಳು ಆಕ್ಸೈಡನ್ನು ಟನೆಲಿಂಗ್ ಮೂಲಕ ದಾಟುತ್ತವೆ. ಸೀಸ ಮಾತ್ರ ಸೂಪರ್‌ಕಂಡಕ್ಟರ್ ಆಗಿರುವ ತಾಪದಲ್ಲಿ ವೋಲ್ಟೇಜ್ ಏರಿಸುತ್ತ ಹೋದರೆ, ಸುಮಾರು 1.3 ಮಿಲಿವೋಲ್ಟ್ ತನಕ ಕರೆಂಟ್ ತೀರಾ ಕಡಿಮೆ, ಆಮೇಲೆ ಸರ್ರನೆ ಏರುತ್ತದೆ. ಅದೇ ಸೀಸದ Δ. ಗ್ಯಾಪಿನೊಳಗಿಂದ ಕಾಣೆಯಾದ ಸ್ಥಿತಿಗಳು ನಾಶವಾಗಿಲ್ಲ, ಅಂಚಿನಲ್ಲಿ ಒತ್ತೊತ್ತಾಗಿ ನಿಂತಿವೆ. ವೋಲ್ಟೇಜಿಗೆ ಕರೆಂಟಿನ ಇಳಿಜಾರನ್ನು ಬರೆದರೆ ಅಲ್ಲಿ ಚೂಪಾದ ಶಿಖರ ಕಾಣುತ್ತದೆ. ಗ್ಯಾಪಿನೊಳಗೇ ಕರೆಂಟ್ ಗಣನೀಯವಾಗಿ ಹರಿದರೆ ಹೊಸ ಭೌತಶಾಸ್ತ್ರ ಸಿಕ್ಕಿತೆಂದು ಹಿಗ್ಗುವ ಮೊದಲು ಆಕ್ಸೈಡಿನಲ್ಲಿ ತೂತಿದೆಯೇ ಎಂದು ನೋಡಿ. ಸೀಸವನ್ನು ಬಿಸಿ ಮಾಡಿ 7.2 ಕೆಲ್ವಿನ್ ದಾಟಿಸಿದಾಗ ಶಿಖರ ಮಾಯವಾಗದಿದ್ದರೆ, ನೀವು ಕಂಡದ್ದು ಸೀಸದ ಗ್ಯಾಪ್ ಅಲ್ಲ.

ಚುರುಕಾದ ವಿದ್ಯಾರ್ಥಿಗಳು ಇಲ್ಲಿ ಕೇಳುತ್ತಾರೆ: ಅವಾಹಕದಲ್ಲೂ ಗ್ಯಾಪ್ ಇದೆ, ಅಲ್ಲಿ ಕರೆಂಟ್ ಹರಿಯದೆ ಇಲ್ಲಿ ಹೇಗೆ ತಡೆಯಿಲ್ಲದೆ ಹರಿಯುತ್ತದೆ? ಅವಾಹಕದ ಗ್ಯಾಪನ್ನು ಹುಟ್ಟಿಸುವುದು ಸ್ಫಟಿಕ, ಅದು ಸ್ಫಟಿಕಕ್ಕೇ ಕಟ್ಟುಬಿದ್ದಿದೆ. ಸೂಪರ್‌ಕಂಡಕ್ಟರಿನ ಗ್ಯಾಪ್ ಹುಟ್ಟುವುದು ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆಯಿಂದ. ಎಲ್ಲ ಜೋಡಿ-ಮನೆಗಳಿಗೂ ಒಂದೇ ಸಮನೆ ಸ್ವಲ್ಪ ಸಂವೇಗ ಸೇರಿಸಿ, (k, −k) ಬದಲು (k+q, −k+q) ಮಾಡಿದರೆ, ಸಾಗಾಟ ಹಾಗೆಯೇ ನಡೆಯುತ್ತದೆ, ಗ್ಯಾಪ್ ಜೊತೆಗೇ ಚಲಿಸುತ್ತದೆ.

ಹಾಗೆಂದು ಗ್ಯಾಪೇ ಸೂಪರ್‌ಕಂಡಕ್ಟಿವಿಟಿ ಎಂದುಕೊಳ್ಳಬಾರದು. ಕಾಂತೀಯ ಕಲ್ಮಶಗಳು ಜೋಡಿಯ ಎರಡು ಸ್ಪಿನ್‌ಗಳನ್ನು ಬೇರೆಬೇರೆಯಾಗಿ ಕಾಡುತ್ತವೆ. ಅವುಗಳ ಪ್ರಮಾಣ ಏರುತ್ತ ಹೋದಂತೆ, ಸೂಪರ್‌ಕಂಡಕ್ಟಿವಿಟಿ ಸಾಯುವ ತುಸು ಮುಂಚೆಯೇ ಗ್ಯಾಪ್ ಸೊನ್ನೆಯಾಗುವ ಒಂದು ಕಿರಿದಾದ ವ್ಯಾಪ್ತಿ ಸಿಗುತ್ತದೆ ಎಂದು ಅಬ್ರಿಕೋಸೊವ್ ಮತ್ತು ಗೋರ್ಕೊವ್ 1960ರಲ್ಲಿ ತೋರಿಸಿದರು. ಅಲ್ಲಿ ಟನೆಲಿಂಗ್ ರೇಖೆಯಲ್ಲಿ ಖಾಲಿ ಜಾಗವೇ ಇಲ್ಲ, ಆದರೂ ಪ್ರತಿರೋಧ ಸೊನ್ನೆ.