ಅ-ವ-ರೆ-ಕಾ-ಯಿ ಅವರೆಕಾಯಿ ಆಗುವ ಕ್ಷಣ

ಅಕ್ಕನ ಮಗಳು ಈಗಷ್ಟೇ ಓದಲು ಕಲಿಯುತ್ತಿದ್ದಾಳೆ. ಮೊನ್ನೆ ತರಕಾರಿ ಅಂಗಡಿಯ ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರ ಓದಿದಳು. ಅ... ವ... ರೆ... ಕಾ... ಯಿ. ಏನೂ ಗೊತ್ತಾಗಲಿಲ್ಲ. ಇನ್ನೊಂದು ಸಲ ಸ್ವಲ್ಪ ಬೇಗ ಓದಿದಳು. ಎಲ್ಲೋ ಕೇಳಿದ ಹಾಗಿದೆ ಅನ್ನುವ ಮುಖ. ಮೂರನೇ ಸಲ ‘ಯಿ’ ಅಂದಿದ್ದೇ ತಡ, "ಅವರೆಕಾಯಿ!" ಅಂತ ಕೂಗಿದಳು. ಮೂರು ಸಲವೂ ಅಕ್ಷರ ಅವೇ ಐದು. ಮೂರನೇ ಸಲ ಹೊಸದಾಗಿ ಬಂದಿದ್ದು ಏನು?

ಸಂಸ್ಕೃತ ವ್ಯಾಕರಣದವರು ಅದನ್ನು ಸ್ಫೋಟ ಅಂತ ಕರೆದರು. ಇಲ್ಲಿ ಸ್ಫೋಟ ಅಂದರೆ ಸಿಡಿಮದ್ದಲ್ಲ, ಮೊಗ್ಗು ಬಿರಿಯುವ ಹಾಗೆ ಅರ್ಥ ಇಡಿಯಾಗಿ ತೆರೆದುಕೊಳ್ಳುವುದು.

ತೊಡಕು ಎಲ್ಲಿದೆ ಅಂತ ಮೊದಲು ನೋಡೋಣ. ಕ್ರಿಸ್ತಪೂರ್ವ 2ನೇ ಶತಮಾನದ ವ್ಯಾಕರಣಕಾರ ಪತಂಜಲಿ ‘ಗೌಃ’ (ಹಸು) ಅನ್ನುವ ಪುಟ್ಟ ಪದ ತೆಗೆದುಕೊಂಡು ಒಂದು ಮಾತು ಹೇಳುತ್ತಾನೆ: ನಾಲಿಗೆ ‘ಗ್’ ಮೇಲಿರುವಾಗ ‘ಔ’ ಇನ್ನೂ ಹುಟ್ಟಿಲ್ಲ, ವಿಸರ್ಗವೂ ಇಲ್ಲ, ‘ಔ’ ಬರುವ ಹೊತ್ತಿಗೆ ‘ಗ್’ ಹೋಗಿಯೇ ಬಿಟ್ಟಿದೆ. ಅಂದರೆ ಇಡೀ ಪದ ಯಾವ ಕ್ಷಣದಲ್ಲೂ ಗಾಳಿಯಲ್ಲಿ ಇರುವುದೇ ಇಲ್ಲ. ಆದರೂ ಕೇಳಿದವನಿಗೆ ಹಸು ಹೊಳೆಯುತ್ತದೆ.

ವೇದವಾಕ್ಯಗಳ ಅರ್ಥ ವಿಚಾರಿಸುತ್ತಿದ್ದ ಮೀಮಾಂಸಕರ ಉತ್ತರ ಸರಳವಾಗಿತ್ತು. ಒಂದೊಂದು ಅಕ್ಷರವೂ ಮನಸ್ಸಿನಲ್ಲಿ ಒಂದು ಅಚ್ಚು ಬಿಟ್ಟು ಹೋಗುತ್ತದೆ, ಕೊನೆಯ ಅಕ್ಷರ ಆ ಅಚ್ಚುಗಳ ಜೊತೆ ಸೇರಿ ಅರ್ಥ ಕೊಡುತ್ತದೆ, ಬೇರೆ ಯಾವ ‘ಸ್ಫೋಟ’ವೂ ಬೇಡ. ಕೇಳಲು ಸರಿಯೇ ಅಲ್ವಾ? ಆದರೆ ‘ಸರ’ ಮತ್ತು ‘ರಸ’ ನೋಡಿ. ಅಕ್ಷರ ಅವೇ, ಉಳಿಯುವ ಅಚ್ಚುಗಳೂ ಅವೇ. ಒಂದು ಕೊರಳಿಗೆ, ಇನ್ನೊಂದು ಊಟದ ಎಲೆಗೆ. ಕ್ರಮವೂ ಲೆಕ್ಕಕ್ಕೆ ಬರುತ್ತದೆ ಅಂತ ಮೀಮಾಂಸಕರು ಹೇಳಿದರು. ಸ್ಫೋಟವನ್ನು ಒಪ್ಪದ ಶಂಕರಾಚಾರ್ಯರು ಇರುವೆ ಸಾಲಿನ ಉದಾಹರಣೆ ಕೊಡುತ್ತಾರೆ: ಇರುವೆಗಳು ಒಂದರ ಹಿಂದೆ ಒಂದು ಹೋದಾಗ ನಮಗೆ ಸಾಲು ಕಾಣುತ್ತದೆ, ಇರುವೆ ಬಿಟ್ಟು ಸಾಲು ಅಂತ ಬೇರೊಂದು ವಸ್ತು ಇಲ್ಲ. ಇದು ಗಟ್ಟಿ ವಾದ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಇರುವೆಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಇರುತ್ತವೆ, ಅಕ್ಷರಗಳು ಇರುವುದಿಲ್ಲ. ನನಗೆ ಅಲ್ಲೇ ಸಮಾಧಾನ ಆಗುವುದಿಲ್ಲ.

5ನೇ ಶತಮಾನದ ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಹಿಡಿದ ದಾರಿಯೇ ಬೇರೆ. ಶ್ಲೋಕ ಬಾಯಿಪಾಠ ಮಾಡುವುದನ್ನು ನೆನಪಿಸಿಕೊಳ್ಳಿ ಅನ್ನುತ್ತಾನೆ. ಮೊದಲ ಸಲವೇ ಶ್ಲೋಕವನ್ನು ಪೂರ್ತಿ ಹೇಳಿರುತ್ತೇವೆ, ಆದರೆ ಹಿಡಿತಕ್ಕೆ ಸಿಕ್ಕಿರುವುದಿಲ್ಲ. ಎರಡನೇ ಸಲ, ಮೂರನೇ ಸಲ ಹೇಳುತ್ತಾ ಹೋದಂತೆ ಒಂದು ಸಲ ಗಕ್ಕನೆ ಕೂತುಬಿಡುತ್ತದೆ. ಪದ ಕೇಳುವಾಗಲೂ ಹೀಗೇ. ಮೊದಲ ಧ್ವನಿಯೇ ಇಡೀ ಪದವನ್ನು ತೋರಿಸುತ್ತದೆ, ಮಸುಕಾಗಿ. ಮುಂದಿನ ಧ್ವನಿ ಅದನ್ನೇ ಇನ್ನಷ್ಟು ತಿಳಿಯಾಗಿಸುತ್ತದೆ. ಕೊನೆಯ ಧ್ವನಿಗೆ ಪದ ಪೂರ್ತಿ ಬೆಳಗುತ್ತದೆ.

ಇದಕ್ಕೆ ಗಟ್ಟಿ ಬೆಂಬಲ ಕೊಟ್ಟವನು ‘ಸ್ಫೋಟಸಿದ್ಧಿ’ ಬರೆದ ಮಂಡನಮಿಶ್ರ. ದೂರದಿಂದ ಮರವೊಂದು ಆನೆ ಹಾಗೆ ಕಾಣುತ್ತದೆ. ಕಣ್ಣು ಕೀಳದೆ ನೋಡುತ್ತಾ ಇದ್ದರೆ ಅದೇ ಮರವಾಗಿ ಕಾಣುತ್ತದೆ. ನೋಡಿದ್ದು ಎರಡು ವಸ್ತು ಅಲ್ಲ, ಮಸುಕಾಗಿದ್ದ ಒಂದೇ ನೋಟ ಸ್ಪಷ್ಟವಾಯಿತು. ಹೀಗೆ ಮಸುಕಿನಿಂದ ಸ್ಪಷ್ಟಕ್ಕೆ ಬರುವುದು ಕಣ್ಣು ಕಿವಿಗಳ ಅರಿವಿನ ಗುಣ; ಊಹಿಸಿ ತಿಳಿಯುವುದರಲ್ಲಿ ಈ ಮೆಟ್ಟಿಲು ಇಲ್ಲ. ಹಾಗಾಗಿ ಪದವನ್ನು ನಾವು ಲೆಕ್ಕ ಹಾಕಿ ಜೋಡಿಸುವುದಿಲ್ಲ, ನೇರವಾಗಿ ಕಾಣುತ್ತೇವೆ ಅನ್ನುವುದು ಅವನ ವಾದ. ಎರಡನೇ ಸಲ ಓದುವಾಗ ಮಗುವಿನ ಮುಖದಲ್ಲಿ ಇದ್ದಿದ್ದು ಆ ಮಸುಕೇ ಇರಬೇಕು.

ಭರ್ತೃಹರಿ ಪದಕ್ಕೇ ನಿಲ್ಲಲಿಲ್ಲ. ಅವನ ಪ್ರಕಾರ ಅರ್ಥದ ನಿಜವಾದ ಇಡಿ ವಾಕ್ಯ, ಪದಗಳು ಆಮೇಲೆ ನಾವು ಬಿಡಿಸಿಕೊಳ್ಳುವ ತುಂಡುಗಳು. ಕನ್ನಡದಲ್ಲೇ ನೋಡಿ. "ಮರ ಹತ್ತಿ ಕಾಯಿ ಕಿತ್ತ", "ಹತ್ತಿ ಬಿಡಿಸಿ ಮಾರಿದ." ಎರಡರಲ್ಲೂ ‘ಹತ್ತಿ’ ಇದೆ, ಆದರೆ ಮೊದಲ ವಾಕ್ಯ ಕೇಳಿದವರಿಗೆ ಬಿಳಿ ಹತ್ತಿಯ ನೆನಪೂ ಬರುವುದಿಲ್ಲ. ಇಡಿಯಾಗಿ ಒಂದು ಕಂಬಳಿಯನ್ನು ಹೇಳುವ ‘ಬ್ರಾಹ್ಮಣಕಂಬಲ’ ಅನ್ನುವ ಸಮಾಸದಲ್ಲಿ ‘ಬ್ರಾಹ್ಮಣ’ಕ್ಕೆ ಪ್ರತ್ಯೇಕ ಅರ್ಥ ಇಲ್ಲದ ಹಾಗೆ, ವಾಕ್ಯದಲ್ಲಿ ಪದಕ್ಕೂ ಇಲ್ಲ ಅನ್ನುತ್ತಾನೆ ಅವನು. ನಮ್ಮ ‘ದೊಡ್ಡಪ್ಪ’ನೂ ಅಂಥದ್ದೇ: ದೊಡ್ಡದನ್ನೂ ಅಪ್ಪನನ್ನೂ ಕೂಡಿಸಿದರೆ ಅಪ್ಪನ ಅಣ್ಣ ಬರುವುದಿಲ್ಲ.

ಒಂದು ಕಡೆ ಮಾತ್ರ ನನಗೆ ಭರ್ತೃಹರಿಯನ್ನು ಸ್ವಲ್ಪ ತಿದ್ದಬೇಕು ಅನ್ನಿಸುತ್ತದೆ. ಕೊನೆಯ ಧ್ವನಿಯ ತನಕ ಕಾಯಬೇಕು ಅನ್ನುವ ಮಾತು ಎಲ್ಲ ಪದಕ್ಕೂ ಹೊಂದುವುದಿಲ್ಲ. ಬೇರೆ ಪದಕ್ಕೆ ಜಾಗವೇ ಉಳಿಯದ ಕಡೆ ಕಿವಿ ಮೊದಲೇ ಪದ ಹಿಡಿದಿರುತ್ತದೆ, ಇದನ್ನು ಇವತ್ತಿನ ಭಾಷಾ ಮನೋವಿಜ್ಞಾನ ಪ್ರಯೋಗ ಮಾಡಿ ತೋರಿಸಿದೆ. ‘ಅವರೆಕಾ’ ತನಕ ಬಂದರೂ ಕಾಯಿಯೋ ಕಾಳೋ ಗೊತ್ತಿಲ್ಲ, ಅಲ್ಲಿ ಕೊನೆಯ ಧ್ವನಿ ಬೇಕೇ ಬೇಕು. ‘ನುಗ್ಗೇಕಾ’ ಅಂದರೆ ಸಾಕು, ಅಂಗಡಿಯವನು ಕಟ್ಟು ಬಿಚ್ಚುತ್ತಿರುತ್ತಾನೆ.